ಕಂಡದ್ದೆಲ್ಲ ಕಾಯಿಲೆಯಲ್ಲ

ಹಬ್ಬದ ಹೊತ್ತಿಗೆ ಪತ್ರಿಕೆಯೊಳಗೆ ಸೇರಿಸಿ ಬರುವ ಕರಪತ್ರಗಳಲ್ಲಿ ಈಗ ಸೀರೆ, ಚಿನ್ನದ ಜೊತೆಗೆ ‘ಇಡೀ ದೇಹದ ಸ್ಕ್ಯಾನ್’ ಕೂಡ ರಿಯಾಯಿತಿಗೆ ಸಿಗುತ್ತದೆ. ಗಟ್ಟಿಮುಟ್ಟಾಗಿರುವ ಅಪ್ಪ ಅಮ್ಮನನ್ನು ಮಕ್ಕಳು ಪ್ರೀತಿಯಿಂದಲೇ ಕರೆದೊಯ್ಯುತ್ತಾರೆ. ವರದಿಯಲ್ಲಿ ಏನಾದರೊಂದು ಇದ್ದೇ ಇರುತ್ತದೆ: ಮೂತ್ರಪಿಂಡದಲ್ಲೊಂದು ನೀರುಗುಳ್ಳೆ, ಥೈರಾಯ್ಡ್‌ನಲ್ಲೊಂದು ಪುಟ್ಟ ಗಂಟು. ನಿನ್ನೆಯವರೆಗೆ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದವರು ಅಂದಿನಿಂದ ಕತ್ತು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾರೆ.

ಆ ಪುಟ್ಟ ಗಂಟಿನ ಹಿಂದೆ ಹೋದರೆ ಏನಾಗುತ್ತದೆ ಎಂಬುದನ್ನು ದಕ್ಷಿಣ ಕೊರಿಯಾ ಕಂಡಿದೆ. 1999ರಲ್ಲಿ ಅಲ್ಲಿನ ಸರ್ಕಾರ ಕೆಲವು ಕ್ಯಾನ್ಸರ್‌ಗಳ ತಪಾಸಣೆ ಆರಂಭಿಸಿತು. ಥೈರಾಯ್ಡ್ ಆ ಪಟ್ಟಿಯಲ್ಲಿರಲಿಲ್ಲ. ಆದರೆ ಹೇಗೂ ಬಂದಿದ್ದೀರಲ್ಲ, ಇನ್ನಷ್ಟು ಹಣ ಕೊಟ್ಟರೆ ಕತ್ತಿನ ಅಲ್ಟ್ರಾಸೌಂಡ್ ಕೂಡ ಆಗುತ್ತದೆ ಎನ್ನುವ ಪರಿಪಾಠ ಬೆಳೆಯಿತು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯ ಪ್ರಮಾಣ 1993ರಲ್ಲಿದ್ದುದರ 15 ಪಟ್ಟಾಗಿತ್ತು. ಆ ಒಂದೇ ವರ್ಷ 40,000ಕ್ಕೂ ಹೆಚ್ಚು ಜನರಲ್ಲಿ ಅದು ಸಿಕ್ಕಿತು. ಸಾಯುವವರ ಸಂಖ್ಯೆ ಮಾತ್ರ ವರ್ಷಕ್ಕೆ 300–400ರಲ್ಲೇ ನಿಂತಿತ್ತು. ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. ಸಿಕ್ಕವರಲ್ಲಿ ಬಹುತೇಕರಿಗೆ ಶಸ್ತ್ರಚಿಕಿತ್ಸೆಯಾಯಿತು. ಗ್ರಂಥಿ ಪೂರ್ತಿ ತೆಗೆಸಿಕೊಂಡವರು ಜೀವನಪರ್ಯಂತ ಮಾತ್ರೆ ನುಂಗಬೇಕಾಯಿತು. ನೂರಕ್ಕೆ ಇಬ್ಬರ ಧ್ವನಿತಂತುವಿಗೆ ಪೆಟ್ಟಾಯಿತು.

ಇಷ್ಟೊಂದು ಕ್ಯಾನ್ಸರ್ ಎಲ್ಲಿತ್ತು? ಬೇರೆ ಕಾರಣದಿಂದ ತೀರಿಕೊಂಡವರ ಥೈರಾಯ್ಡನ್ನು ಫಿನ್ಲೆಂಡಿನ ವೈದ್ಯರು ಎಳೆ ಎಳೆಯಾಗಿ ಕೊಯ್ದು ನೋಡಿದ್ದರು. ಮೂವರಲ್ಲಿ ಒಬ್ಬರಿಗಾದರೂ ಅದರಲ್ಲಿ ಸಣ್ಣ ಕ್ಯಾನ್ಸರ್ ಇತ್ತು. ಅವರು ಅದರೊಂದಿಗೇ ಬದುಕಿ, ಅದರ ಅರಿವಿಲ್ಲದೆಯೇ ಹೋಗಿದ್ದರು. ಸೂಕ್ಷ್ಮ ಯಂತ್ರ ಇಂಥವನ್ನೇ ಹೆಕ್ಕಿ ತೆಗೆಯುತ್ತದೆ. ಯಾರ ಗಂಟು ಕೆರಳುತ್ತದೆ, ಯಾರದು ಸುಮ್ಮನಿರುತ್ತದೆ ಎಂದು ಆ ಕ್ಷಣದಲ್ಲಿ ಖಚಿತವಾಗಿ ಹೇಳಲಾಗದು. ಆದ್ದರಿಂದ ಶಸ್ತ್ರಚಿಕಿತ್ಸೆ ಮುಗಿಸಿ ಬಂದವರೆಲ್ಲ, ಸ್ಕ್ಯಾನ್ ಮಾಡಿಸಿದ್ದಕ್ಕೆ ಜೀವ ಉಳಿಯಿತು ಎಂದು ಕೃತಜ್ಞತೆಯಿಂದ ನಂಬುತ್ತಾರೆ, ನೆಂಟರಿಗೂ ಹೇಳುತ್ತಾರೆ. ಅವರೂ ಸ್ಕ್ಯಾನಿಗೆ ಹೋಗುತ್ತಾರೆ. ಯಾರ ಮನಸ್ಸಿನಲ್ಲೂ ಕೇಡಿಲ್ಲದ ಈ ಸರಪಳಿಯನ್ನು ಮುರಿಯುವುದು ಅದಕ್ಕೇ ಇಷ್ಟು ಕಷ್ಟ. ಆದರೂ 2014ರಲ್ಲಿ ಕೊರಿಯಾದ ಎಂಟು ವೈದ್ಯರು, ಲಕ್ಷಣವಿಲ್ಲದವರಿಗೆ ಥೈರಾಯ್ಡ್‌ನ ಅಲ್ಟ್ರಾಸೌಂಡ್ ಬೇಡ ಎಂದು ಬಹಿರಂಗವಾಗಿ ಹೇಳಿದರು. ಒಂದು ವರ್ಷದೊಳಗೆ ಶಸ್ತ್ರಚಿಕಿತ್ಸೆಗಳು ಸುಮಾರು ಮೂರನೇ ಒಂದರಷ್ಟು ಇಳಿದವು.

ಕತ್ತಿನಲ್ಲಿ ಕೈಗೆ ಸಿಗುವ ಗಡ್ಡೆ, ವಾರಗಟ್ಟಲೆ ಬಿಡದ ಧ್ವನಿಯ ಒರಟುತನ, ಕಾರಣವಿಲ್ಲದೆ ತೂಕ ಇಳಿಯುವುದು, ಮನೆತನದಲ್ಲಿ ಕಾಯಿಲೆಯ ಚರಿತ್ರೆ ಇವಿದ್ದರೆ ಮಾತು ಬೇರೆ. ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಬಿ.ಪಿ., ಸಕ್ಕರೆ ನೋಡಿಸುವುದೂ ಬೇರೆ, ಏಕೆಂದರೆ ಅಲ್ಲಿ ಸಿಕ್ಕಿದ್ದಕ್ಕೆ ಪ್ರಯೋಜನ ಖಚಿತವಾಗಿರುವ ಮದ್ದಿದೆ. ಏನೂ ತೊಂದರೆಯಿಲ್ಲದ ಅಮ್ಮನ ಸ್ಕ್ಯಾನಿಗೆ ಹಣ ಕಟ್ಟುವ ಮೊದಲು ಮನೆಯ ವೈದ್ಯರನ್ನು ಕೇಳಿ: ಇದರಲ್ಲಿ ಏನಾದರೂ ಕಂಡರೆ ಮುಂದೇನು ಮಾಡುತ್ತೀರಿ, ಅದರಿಂದ ಅಮ್ಮನಿಗೆ ಏನು ಒಳ್ಳೆಯದಾಗುತ್ತದೆ? ವರದಿ ಈಗಾಗಲೇ ಕೈಯಲ್ಲಿದ್ದರೆ ಥೈರಾಯ್ಡ್ ಗಂಟಿನ ಅಳತೆ ನೋಡಿ. 1 ಸೆಂಟಿಮೀಟರಿಗಿಂತ ಚಿಕ್ಕದಾಗಿದ್ದು, ಬೇರೆ ಅನುಮಾನಕ್ಕೆ ಎಡೆಯಿಲ್ಲದಿದ್ದರೆ ಸಾಮಾನ್ಯವಾಗಿ ಸೂಜಿ ಪರೀಕ್ಷೆಯೂ ಬೇಕಿಲ್ಲ.