ಹಲಾಲ್ ಮತ್ತು ಝಟ್ಕಾ: ಮಾಂಸ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆಗಳು



ಭೂಮಿಯಲ್ಲಿರುವ ಹಲಾಲ್ ಮತ್ತು ಶುದ್ಧ ವಸ್ತುಗಳನ್ನು ಉಣ್ಣಿರೆಂದು ಅಲ್ಲಾಹನು ಪವಿತ್ರ ಕುರ್‌ಆನಿನ ಅಲ್ ಬಕರಃ ಅಧ್ಯಾಯದಲ್ಲಿ ಆಜ್ಞಾಪಿಸಿದ್ದಾನೆ. ಶಿವಾಜಿನಗರದ ರಸೆಲ್ ಮಾರ್ಕೆಟ್‌ನ ಸುತ್ತ ವಾಸಿಸುವ ಕುಟುಂಬಕ್ಕೆ ಈ ಆಜ್ಞೆಯ ಪಾಲನೆ ಕಷ್ಟವೇನಲ್ಲ. ಅಲ್ಲಿ ಕೊಯ್ಯುವವನೂ ಕೊಳ್ಳುವವನೂ ಒಂದೇ ಮಸೀದಿಯ ಸಫ್‌ನಲ್ಲಿ ನಿಲ್ಲುವವರು. ಆದರೆ ಅದೇ ಕುಟುಂಬದ ಮಗ ಇಂದಿರಾನಗರದಲ್ಲೋ ಕೆ.ಆರ್. ಪುರದಲ್ಲೋ ಮನೆ ಮಾಡಿದಾಗ ಅಂಗಡಿಯವರು ಅಪರಿಚಿತರು, ಫಲಕಗಳೂ ಬೇರೆ ಬೇರೆ. 2022ರ ಯುಗಾದಿಯ ಹೊಸತೊಡಕಿನ ವೇಳೆ ಹಲಾಲ್ ಮಾಂಸವನ್ನು ಕೊಳ್ಳಬಾರದೆಂಬ ಕರೆ ಕರ್ನಾಟಕದಲ್ಲಿ ಕೇಳಿಬಂದಿತು. ಝಟ್ಕಾ ಎಂಬ ಪದವನ್ನು ಅನೇಕರು ಮೊದಲ ಬಾರಿಗೆ ಕೇಳಿದ್ದು ಆಗಲೇ. ಆದುದರಿಂದ ಇವೆರಡರ ನಡುವಿನ ವ್ಯತ್ಯಾಸವನ್ನು ಸರಿಯಾಗಿ ತಿಳಿಯುವುದು ಅಗತ್ಯ.

ಝಟ್ಕಾ ಎಂದರೆ ಪ್ರಾಣಿಯ ಕುತ್ತಿಗೆಯನ್ನು ಒಂದೇ ಏಟಿಗೆ ಕಡಿದು ರುಂಡವನ್ನು ಬೇರ್ಪಡಿಸುವುದು. ಏಟು ಸಾಮಾನ್ಯವಾಗಿ ಹಿಂಬದಿಯಿಂದ ಬೀಳುತ್ತದೆ. ಬೆನ್ನುಹುರಿ, ರಕ್ತನಾಳ, ಗಂಟಲು ಎಲ್ಲವೂ ಒಟ್ಟಿಗೇ ತುಂಡಾಗುತ್ತವೆ. ಸಿಖ್ಖರ ಆಚಾರಸಂಹಿತೆಯಲ್ಲಿ ಮುಸ್ಲಿಮ್ ಪದ್ಧತಿಯಂತೆ ಕೊಯ್ದ ಮಾಂಸ ನಿಷಿದ್ಧ. ಹಲಸೂರು ಕೆರೆಯ ಬಳಿಯ ಗುರುದ್ವಾರಕ್ಕೆ ಹೋಗುವ ಸಿಖ್ ನೆರೆಯವರು ನಮ್ಮ ಅಂಗಡಿಯ ಮಾಂಸವನ್ನು ತಿನ್ನದಿದ್ದರೆ ಅದು ದ್ವೇಷವಲ್ಲ, ಅವರ ಧರ್ಮದ ನಿಯಮ. ನಮಗೆ ನಮ್ಮ ನಿಯಮವಿರುವಂತೆ ಅವರಿಗೆ ಅವರದು.

ಝಬಹ್‌ನಲ್ಲಿ ಚೂರಿ ಮುಂಭಾಗದಿಂದ, ದವಡೆಯ ಕೆಳಗೆ ಹರಿಯುತ್ತದೆ. ಕತ್ತರಿಸಬೇಕಾದವು ನಾಲ್ಕು: ಶ್ವಾಸನಾಳ, ಅನ್ನನಾಳ ಮತ್ತು ಎರಡು ಪಕ್ಕಗಳ ರಕ್ತನಾಳಗಳು. ಇವುಗಳಲ್ಲಿ ಯಾವುದೇ ಮೂರು ಕತ್ತರಿಸಿದರೂ ಸಾಕೆಂದು ಇಮಾಮ್ ಅಬೂ ಹನೀಫಾ ಹೇಳಿದ್ದಾರೆ. ಶಾಫಿಈ ಮದ್‌ಹಬ್‌ನಲ್ಲಿ ಶ್ವಾಸನಾಳ ಮತ್ತು ಅನ್ನನಾಳ ಪೂರ್ತಿ ತುಂಡಾಗುವುದು ಕಡ್ಡಾಯ. ಕೊಯ್ಯುವಾಗ ಬೆನ್ನುಹುರಿಯನ್ನು ಮುಟ್ಟಬಾರದು. ಪ್ರಾಣ ಹೋದ ಬಳಿಕವೇ ತಲೆಯನ್ನು ಬೇರ್ಪಡಿಸಬೇಕು. ಚೂರಿಯನ್ನು ಹರಿತ ಮಾಡಿಕೊಂಡು ಪ್ರಾಣಿಗೆ ನೆಮ್ಮದಿ ಕೊಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ತಿದ್ದಿಕೊಳ್ಳಬೇಕು. ಝಟ್ಕಾ ಹರಾಮ್ ಆಗುವುದು ರುಂಡ ತುಂಡಾಯಿತೆಂಬ ಒಂದೇ ಕಾರಣಕ್ಕೆ ಎಂದು ಹಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಓರ್ವ ಮುಸ್ಲಿಮನು ಬಿಸ್ಮಿಲ್ಲಾಹ್ ಹೇಳಿ ಮುಂಭಾಗದಿಂದ ಕೊಯ್ಯುವಾಗ ಕೈ ಜೋರಾಗಿ ಕೋಳಿಯ ತಲೆ ಪೂರ್ತಿ ಕತ್ತರಿಸಿ ಹೋದರೆ ಆ ಕೃತ್ಯ ಮಕ್ರೂಹ್, ಮಾಂಸ ಹಲಾಲ್ ಎಂದೇ ಹನಫೀ ವಿದ್ವಾಂಸರು ಹೇಳುತ್ತಾರೆ. ಹಾಗಾದರೆ ಝಟ್ಕಾ ನಮಗೇಕೆ ಸಲ್ಲದು? ಕೊಯ್ಯುವವನು ಮುಸ್ಲಿಮನೋ ಗ್ರಂಥದವರಲ್ಲಿ ಸೇರಿದವನೋ ಆಗಿರಬೇಕೆಂಬ ಷರತ್ತು ಅಲ್ಲಿಲ್ಲ. ಅಲ್ಲಾಹನ ನಾಮಸ್ಮರಣೆಯೂ ಅಲ್ಲಿಲ್ಲ. ಇದರ ಮೇಲೆ, ಹಿಂಬದಿಯ ಏಟಿನಿಂದ ಗಂಟಲ ನಾಳಗಳು ಕತ್ತರಿಸುವ ಮುನ್ನವೇ ಪ್ರಾಣಿ ಸತ್ತಿದ್ದರೆ ಅದು ಶವಕ್ಕೆ ಸಮಾನ. ನಾಮಸ್ಮರಣೆಯ ವಿಷಯದಲ್ಲಿ, ಬಿಸ್ಮಿಲ್ಲಾಹ್ ಮರೆತರೆ ಮಾಂಸ ಹಲಾಲ್, ಬೇಕೆಂದೇ ಬಿಟ್ಟರೆ ಹರಾಮ್ ಎಂದು ಹನಫೀಗಳು ಹೇಳಿದರೆ, ಶಾಫಿಈಗಳ ಪ್ರಕಾರ ಅದು ಸುನ್ನತ್.

ಝಟ್ಕಾದಲ್ಲಿ ರಕ್ತವೆಲ್ಲ ಒಳಗೇ ಉಳಿದು ಮಾಂಸ ವಿಷವಾಗುತ್ತದೆಂದು ಕೆಲವರು ಹೇಳುವುದುಂಟು. ಇದು ಸರಿಯಲ್ಲ. ರುಂಡ ಬೇರ್ಪಟ್ಟ ಕುತ್ತಿಗೆಯಿಂದಲೂ ರಕ್ತ ಧಾರಾಳವಾಗಿ ಹರಿದು ಹೋಗುತ್ತದೆ. ತೊಳೆದ ಮಟನ್‌ನಿಂದ ಜಿನುಗುವ ಕೆಂಪು ನೀರು ಮಾಂಸಖಂಡದ ಬಣ್ಣವೇ ಹೊರತು ಹರಿಯುವ ರಕ್ತವಲ್ಲ. ಅದು ಎರಡು ಬಗೆಯ ಮಾಂಸದಲ್ಲೂ ಇರುತ್ತದೆ. ನಮ್ಮ ನಿಯಮಕ್ಕೆ ಅಲ್ಲಾಹನ ಆಜ್ಞೆಯೇ ಸಾಕು, ನೆರೆಯವರ ಊಟವನ್ನು ಹೀಗಳೆದು ಅದನ್ನು ಸಮರ್ಥಿಸಬೇಕಾಗಿಲ್ಲ.

ಇದರಿಂದ ಇನ್ನೊಂದು ಮಾತೂ ಸ್ಪಷ್ಟವಾಗುತ್ತದೆ. ಚರ್ಮ ಸುಲಿದು ಕೊಕ್ಕೆಗೆ ತೂಗುಹಾಕಿದ ಕುರಿಯನ್ನು ನೋಡಿ ಅದು ಹಲಾಲೋ ಝಟ್ಕಾವೋ ಎಂದು ಹೇಳಲಾಗದು. ತಲೆಯನ್ನು ಎರಡರಲ್ಲೂ ತೆಗೆದಿರುತ್ತಾರೆ. ಬಣ್ಣ, ವಾಸನೆ, ರುಚಿ ಯಾವುದೂ ಸಾಕ್ಷಿಯಲ್ಲ. ಆದುದರಿಂದ ಕಣ್ಣಿಗಿಂತ ನಾಲಿಗೆಗೆ ಕೆಲಸ ಕೊಡಬೇಕು, ಅಂದರೆ ಕೇಳಬೇಕು.

ಒಂದು ಉದಾಹರಣೆ ನೋಡೋಣ. ಕೆ.ಆರ್. ಪುರದ ಓರ್ವ ಸಹೋದರಿ ಭಾನುವಾರ ಬೆಳಿಗ್ಗೆ ಒಂದು ಕಿಲೋ ಕೋಳಿ ಮತ್ತು ಅರ್ಧ ಕಿಲೋ ಮಟನ್ ಕೊಳ್ಳಬೇಕಾಗಿದೆ ಎಂದಿಟ್ಟುಕೊಳ್ಳಿ. ಕೋಳಿಯ ವಿಷಯದಲ್ಲಿ ಆಕೆ ಕಣ್ಣಾರೆ ನೋಡಬಹುದು. ಪಂಜರದಿಂದ ತೆಗೆದ ಕೋಳಿ ಜೀವಂತವಾಗಿರಬೇಕು. ಕೊಯ್ಯುವವನು ಯಾರು, ಪ್ರತಿ ಕೋಳಿಗೂ ಬಿಸ್ಮಿಲ್ಲಾಹ್ ಹೇಳುತ್ತಾನೆಯೇ, ಚೂರಿ ಗಂಟಲಿನ ಮೇಲೆ ಹರಿಯಿತೇ ಎಂದು ಗಮನಿಸಬೇಕು. ಹೆಚ್ಚಾಗಿ ತಪ್ಪುವುದು ಆ ಬಳಿಕ. ಗಿರಾಕಿಗಳ ನೂಕುನುಗ್ಗಲಿನಲ್ಲಿ ಕೋಳಿಯನ್ನು ಅರೆಬರೆ ಕೊಯ್ದು ಡ್ರಮ್ಮಿಗೆ ಎಸೆಯುತ್ತಾರೆ, ಇನ್ನೂ ಉಸಿರಾಡುತ್ತಿರುವಾಗಲೇ ಬಿಸಿನೀರಿಗೆ ಹಾಕುತ್ತಾರೆ. ಇದು ಪ್ರಾಣಿಹಿಂಸೆ. ಕೋಳಿ ಸತ್ತದ್ದು ಚೂರಿಯಿಂದಲೋ ಬಿಸಿನೀರಿನಿಂದಲೋ ಎಂಬ ಸಂಶಯವೂ ಹುಟ್ಟುತ್ತದೆ. ಎರಡು ಮೂರು ನಿಮಿಷ ಬಿಟ್ಟು, ಅಲುಗಾಟ ಪೂರ್ತಿ ನಿಂತ ಬಳಿಕವೇ ಮುಂದಿನ ಕೆಲಸ ಮಾಡಿರೆಂದು ಆಕೆ ವಿನಯದಿಂದ ಹೇಳಬೇಕು. "ಅವಸರವಿಲ್ಲ ಅಣ್ಣಾ, ನಾನು ಕಾಯುತ್ತೇನೆ" ಎಂಬ ಒಂದೇ ಮಾತು ಸಾಕು.

ಮಟನ್ ಬೆಳಗಿನ ಜಾವವೇ ಕೊಯ್ದು ಬಂದಿರುತ್ತದೆ. ಅಲ್ಲಿ ಆಕೆ ಕೇಳಬೇಕಾದದ್ದು ಎರಡೇ: ಎಲ್ಲಿ ಕೊಯ್ದರು, ಯಾರು ಕೊಯ್ದರು? ಕಸಾಯಿಖಾನೆಯ ಹೆಸರನ್ನೂ ಕೊಯ್ದವನನ್ನೂ ಅಂಗಡಿಯವನು ತಡವರಿಸದೆ ಹೇಳಿದರೆ, ಆತ ನಂಬಿಕೆಗೆ ಯೋಗ್ಯನಾಗಿದ್ದರೆ, ಮತ್ತೆ ಕೆದಕುವ ಅಗತ್ಯವಿಲ್ಲ. ಹೊಸದಾಗಿ ಇಸ್ಲಾಮ್ ಸ್ವೀಕರಿಸಿದ ಜನರು ತರುವ ಮಾಂಸಕ್ಕೆ ಅಲ್ಲಾಹನ ಹೆಸರು ಹೇಳಿದ್ದಾರೋ ಇಲ್ಲವೋ ತಿಳಿಯದೆಂದು ಕೆಲವರು ಕೇಳಿದಾಗ, ನೀವು ಅಲ್ಲಾಹನ ಹೆಸರು ಹೇಳಿ ತಿನ್ನಿರೆಂದು ಪ್ರವಾದಿವರ್ಯರು(ಸ) ತಿಳಿಸಿದ್ದನ್ನು ಹಝ್ರತ್ ಆಯಿಶಾ(ರ) ವರದಿ ಮಾಡಿದ್ದಾರೆ. ಮುಸ್ಲಿಮನ ಮೇಲೆ ಸುಮ್ಮನೆ ಸಂಶಯಪಡುವುದು ತಖ್ವಾ ಅಲ್ಲ. ಆದರೆ ಎಲ್ಲಿಂದ ಬಂತೆಂದು ಅಂಗಡಿಯವನಿಗೇ ಗೊತ್ತಿಲ್ಲದಿದ್ದರೆ, ಅಥವಾ ಒಂದೇ ಮರದ ಕೊರಡಿನ ಮೇಲೆ ಎರಡು ಬಗೆಯ ಮಾಂಸವನ್ನು ಕಡಿದು ಬೆರೆಸಿ ಇಟ್ಟಿದ್ದರೆ ಕೊಳ್ಳದಿರುವುದೇ ಲೇಸು.

ಇಂದಿರಾನಗರದ ದೊಡ್ಡ ಅಂಗಡಿಗಳ ಶೀತಪೆಟ್ಟಿಗೆಯಲ್ಲಿರುವ ಪೊಟ್ಟಣಗಳಿಗೂ ಇದೇ ಪ್ರಶ್ನೆ. ಹಲಾಲ್ ಎಂದಷ್ಟೇ ಮುದ್ರಿಸಿದ್ದರೆ ಸಾಲದು, ಪ್ರಮಾಣಪತ್ರ ಕೊಟ್ಟವರ ಹೆಸರಿರಬೇಕು. ಕೊಯ್ದದ್ದು ಕೈಯಿಂದಲೋ ಯಂತ್ರದಿಂದಲೋ, ಕೊಯ್ಯುವ ಮುನ್ನ ವಿದ್ಯುತ್ತಿನಿಂದ ಪ್ರಜ್ಞೆ ತಪ್ಪಿಸಿದ್ದರೆ ಆಗ ಜೀವವಿತ್ತೇ ಎಂದು ಅವರನ್ನು ಕೇಳಿ ತಿಳಿಯಬಹುದು.

ಅಂಗಡಿಯ ಮೇಲೆ ಝಟ್ಕಾ ಎಂಬ ಫಲಕ ಕಂಡರೆ ಕೋಪಗೊಳ್ಳಬೇಡಿ. ಸತ್ಯವನ್ನು ಬರೆದು ಹಾಕಿದ ಆ ವ್ಯಾಪಾರಿ ನಮಗೂ ಉಪಕಾರ ಮಾಡಿದ್ದಾನೆ. ಒದ್ದೆಯಾದ ಧಾನ್ಯವನ್ನು ಕೆಳಗಿಟ್ಟು ಮೇಲೆ ಒಣಗಿದ್ದನ್ನು ಹರಡಿದ ವ್ಯಾಪಾರಿಯನ್ನು ಪ್ರವಾದಿವರ್ಯರು(ಸ) ಖಂಡಿಸಿದ್ದರು. ಹಲಾಲ್ ಫಲಕದ ಕೆಳಗೆ ಕುಳಿತು, ಪಂಜರದಲ್ಲೇ ಸತ್ತ ಕೋಳಿಯನ್ನು ಹೋಟೆಲಿಗೆ ಅಗ್ಗಕ್ಕೆ ಕೊಡುವ ಮುಸ್ಲಿಮ್ ವ್ಯಾಪಾರಿ ಆ ಖಂಡನೆಗೆ ಗುರಿಯಾಗುವನು. ಝಟ್ಕಾ ಮಾರುವವನು ನಮ್ಮನ್ನು ವಂಚಿಸಿಲ್ಲ, ಇವನು ವಂಚಿಸಿದ್ದಾನೆ. ನಾಳೆ ಅಲ್ಲಾಹನ ಮುಂದೆ ಉತ್ತರ ಕೊಡಬೇಕಾದದ್ದು ಫಲಕವಲ್ಲ, ಚೂರಿ ಹಿಡಿದ ಕೈ ಮತ್ತು ಕೇಳದೆ ಕೊಂಡ ಕೈ.

ಹಲಾಲ್ ಅನ್ನು ಅರಸುವ ತೌಫೀಕನ್ನು ಅಲ್ಲಾಹನು ನಮಗೂ ನಮ್ಮ ವ್ಯಾಪಾರಿಗಳಿಗೂ ಕರುಣಿಸಲಿ. ಆಮೀನ್.