ಇಂದಿನ ಧಮ್ಮ ಚಿಂತನೆ: ಗುಟ್ಟು ಕಾಯುವ ಗೆಳೆತನ



ಸಿಗಾಲೋವಾದ ಸುತ್ತದಲ್ಲಿ ಭಗವಾನರು ಸುಖದುಃಖಗಳಲ್ಲಿ ಒಂದೇ ತೆರನಾಗಿರುವ ಗೆಳೆಯನಿಗೆ ನಾಲ್ಕು ಗುರುತು ಹೇಳುತ್ತಾರೆ. ಮೊದಲೆರಡು: ತನ್ನ ಗುಟ್ಟು ನಮಗೆ ಹೇಳುತ್ತಾನೆ, ನಮ್ಮ ಗುಟ್ಟು ಕಾಯುತ್ತಾನೆ.

ಕಳೆದ ವರ್ಷ ನನ್ನ ಕತ್ತಿನ ಗಂಟು ಕ್ಷಯವೆಂದು ಗೊತ್ತಾಯಿತು. 6 ತಿಂಗಳ ಗುಳಿಗೆ. ಶ್ವಾಸಕೋಶದಲ್ಲಿ ಇಲ್ಲದ್ದರಿಂದ ಯಾರಿಗೂ ಹರಡದು ಎಂದು ಡಾಕ್ಟರು ಎಕ್ಸ್‌ರೇ ನೋಡಿಯೇ ಹೇಳಿದ್ದರು. ಆದರೆ ಸ್ಟಾಫ್ ರೂಮಿಗೆ ಅದು ಅರ್ಥವಾಗುವ ಮೊದಲೇ ನನ್ನ ಲೋಟ ಬೇರೆಯಾಗುತ್ತದೆ. (ಲೋಟ ಬೇರೆ ಇಡುವುದು ಏನೆಂದು ನಮ್ಮಲ್ಲಿ ಹಲವರಿಗೆ ಬಿಡಿಸಿ ಹೇಳಬೇಕಿಲ್ಲ.)

ನನ್ನ ಪೀರಿಯಡ್ ನೋಡಿಕೊಳ್ಳುವ ವಿಜ್ಞಾನದ ಮೇಡಂಗೆ ಹೇಳಲೇಬೇಕಿತ್ತು. "ಒಂದು ವಿಷಯ ಹೇಳ್ಬೇಕು, ನಿಮ್ಮಲ್ಲೇ ಇಟ್ಕೊಳ್ಳೋಕೆ ಆಗುತ್ತಾ?" ಎಂದು ಮೊದಲೇ ಕೇಳಿದೆ. ಹೇಳಿದ ಮೇಲೆ ಕೇಳಿದರೆ, ಆಗುವುದಿಲ್ಲ ಎನ್ನಲು ಅವರಿಗೆ ದಾರಿಯೇ ಇರುವುದಿಲ್ಲ.

ಒಪ್ಪಿದರು. "ಯಾರಾದ್ರೂ ಕೇಳಿದ್ರೆ ಜ್ವರ ಅನ್ಲಾ ಸರ್?"

ನನ್ನ ಗುಟ್ಟಿಗಾಗಿ ಅವರ ನಾಲ್ಕನೆಯ ಶೀಲ ಮುರಿಯಬಾರದಲ್ಲ. "ಬೇಡ ಮೇಡಂ, ಅವರನ್ನೇ ಕೇಳಿ ಅನ್ನಿ ಸಾಕು. ಹೆಡ್‌ಮಾಸ್ಟರಿಗೆ ನಾನೇ ಹೇಳಿದ್ದೀನಿ."

ಮೂರನೇ ದಿನ ಪಿ.ಟಿ. ಮಾಸ್ಟರು ಬಂದರು. "ಏನ್ ಸರ್ ಆಸ್ಪತ್ರೆ ಓಡಾಟ? ಮೇಡಂ ನಿಮ್ಮನ್ನೇ ಕೇಳಿ ಅಂದ್ರು."

"ಗುಳಿಗೆ ನಡೀತಿದೆ, ವಾಸಿಯಾಗುತ್ತೆ" ಎಂದೆ. ಅಷ್ಟರಲ್ಲಿ ಚಹಾ ಬಂತು, ಅದೇ ಲೋಟಗಳಲ್ಲಿ.