ಹೆಚ್ಚು ದರ ಕೇಳುವುದು ದುರಾಸೆಯೇ?

ಗಡಿನಾಡಿನವರಾದ ನಮಗೆ ಎರಡು ಭಾಷೆಗಳು ಬಾಲ್ಯದಿಂದಲೇ ಬಂದ ಸೊತ್ತು. ಸಲೀಸಾಗಿ ಬಂದುದಕ್ಕೆ ಬೆಲೆ ಕೇಳಲು ನಾವು ಹಿಂಜರಿಯುತ್ತೇವೆ. ಕಾಸರಗೋಡಿನ ತರುಣರು ಮಲಯಾಳದಿಂದ ಕನ್ನಡಕ್ಕೆ ಅನುವಾದಿಸುವುದನ್ನು ಸ್ವತಂತ್ರ ವೃತ್ತಿಯಾಗಿ ಕೈಗೊಂಡಾಗ ಈ ಹಿಂಜರಿಕೆಯೇ ಮೊದಲು ಎದುರಾಗುತ್ತದೆ. ‘ಉಳಿದವರು ಪದಕ್ಕೆ ಒಂದು ರೂಪಾಯಿ ಕೇಳುತ್ತಿರುವಾಗ, ನಿನ್ನೆ ಬಂದ ನಾನು ಒಂದೂಮುಕ್ಕಾಲು ಕೇಳುವುದು ದುರಾಸೆಯಲ್ಲವೇ?’

ಇದನ್ನು ಲೆಕ್ಕದಿಂದಲೇ ಪರೀಕ್ಷಿಸೋಣ. 2000 ಪದಗಳ ಒಂದು ಪ್ರಕಟಣೆ ಇದೆಯೆಂದಿಟ್ಟುಕೊಳ್ಳೋಣ. ಒಬ್ಬರು ಎಂಟು ಗಂಟೆಗಳಲ್ಲಿ ಅನುವಾದಿಸಿ ಹಾಗೆಯೇ ಒಪ್ಪಿಸುತ್ತಾರೆ. ಅವರಿಗೆ ದೊರೆಯುವುದು 2000 ರೂಪಾಯಿ. ಇನ್ನೊಬ್ಬಳು ಅಷ್ಟೇ ವೇಗದಲ್ಲಿ ಅನುವಾದಿಸಿದರೂ, ಆರಂಭದಲ್ಲಿ ಎರಡು ಗಂಟೆ ಪಾರಿಭಾಷಿಕ ಪದಗಳ ಪಟ್ಟಿ ಮಾಡುತ್ತಾಳೆ; ಬಳಿಕ ಮೂರು ಗಂಟೆ ಮೂಲದೊಡನೆ ಸಾಲುಸಾಲಾಗಿ ಹೋಲಿಸುತ್ತಾಳೆ; ಕೊನೆಗೆ ಒಂದು ಗಂಟೆ ಕನ್ನಡವನ್ನಷ್ಟೇ ಓದಿ ತಿದ್ದುತ್ತಾಳೆ. ಒಟ್ಟು ಹದಿನಾಲ್ಕು ಗಂಟೆ, 3500 ರೂಪಾಯಿ. ಇಬ್ಬರಿಗೂ ಗಂಟೆಗೆ ಬಿದ್ದದ್ದು 250 ರೂಪಾಯಿಯೇ. ಅವಳು ತನ್ನ ಶ್ರಮಕ್ಕೆ ಹೆಚ್ಚು ಬೆಲೆ ಕಟ್ಟಿಲ್ಲ, ಹೆಚ್ಚು ಶ್ರಮಕ್ಕೆ ಬೆಲೆ ಕಟ್ಟಿದ್ದಾಳೆ.

ಆ ಆರು ಗಂಟೆಗಳು ವ್ಯರ್ಥವಲ್ಲ. ಮಲಯಾಳದ ‘ಅವಸರ’ವೆಂದರೆ ಅವಕಾಶ, ನಮ್ಮ ‘ಅವಸರ’ವೆಂದರೆ ಆತುರ. ಅಲ್ಲಿ ‘ಸಂಸಾರ’ವೆಂದರೆ ಮಾತುಕತೆ, ಇಲ್ಲಿ ಕುಟುಂಬ. ಎರಡೂ ಭಾಷೆ ಬಲ್ಲವನ ಕಣ್ಣೇ ಇಂತಹ ಪದಗಳಲ್ಲಿ ಸುಲಭವಾಗಿ ಎಡವುತ್ತದೆ, ಏಕೆಂದರೆ ಅವು ಅವನಿಗೆ ಅಪರಿಚಿತವಾಗಿ ತೋರುವುದಿಲ್ಲ. ‘ಉದ್ಯೋಗಾವಕಾಶ’ವೆಂದಿರಬೇಕಾದಲ್ಲಿ ‘ಉದ್ಯೋಗದ ಅವಸರ’ವೆಂದು ಅಚ್ಚಾದರೆ ಓದುಗನು ದಾರಿ ತಪ್ಪುತ್ತಾನೆ. ಹೋಲಿಸಿ ಓದುವ ಹೊತ್ತಿನಲ್ಲಿಯೇ ಇಂತಹವು ಸಿಕ್ಕಿಬೀಳುತ್ತವೆ.

ಆದರೆ ಇಲ್ಲೊಂದು ಮಿತಿಯುಂದೆಂಬುದನ್ನು ನಾವು ಮರೆಯಬಾರದು. ಅಭ್ಯಾಸವಿಲ್ಲದ ಕಾರಣ ಎಂಟು ಗಂಟೆಯ ಕೆಲಸಕ್ಕೆ ಹದಿನಾರು ಗಂಟೆ ಹಿಡಿದರೆ, ಆ ನಿಧಾನದ ಬೆಲೆಯನ್ನು ಕೆಲಸ ಕೊಟ್ಟವನು ತೆರಬೇಕಾಗಿಲ್ಲ; ಅದು ನಮ್ಮ ಕಲಿಕೆಯ ಖರ್ಚು. ಹಾಗೆಯೇ, ಒಪ್ಪಿಸಿದ ಬರಹ ಅರ್ಥದೋಷಗಳ ಗುರುತು ಹೊತ್ತು ಪದೇ ಪದೇ ಮರಳಿ ಬರುತ್ತಿದ್ದರೆ, ಮನಸ್ಸಿನ ಶಂಕೆ ದೌರ್ಬಲ್ಯವಲ್ಲ, ಸತ್ಯವಾದ ಸಾಕ್ಷಿ. ಆಗ ತಿದ್ದಿಕೊಳ್ಳಬೇಕಾದದ್ದು ಕೆಲಸವನ್ನು. ಬರಹ ಮರಳದೆ, ಶಂಕೆ ಮಾತ್ರ ಉಳಿದಿದ್ದರೆ ಅದು ಬರಿಯ ಸಂಕೋಚವೆಂದು ತಿಳಿಯಬೇಕು. ಇದನ್ನು ಅರಿಯಲು ಮೊದಲ ಕೆಲವು ಕೆಲಸಗಳಿಗೆ ಹಿಡಿದ ಗಂಟೆಗಳನ್ನೂ ಬಂದ ತಿದ್ದುಪಡಿಗಳನ್ನೂ ಪುಸ್ತಕದಲ್ಲಿ ಬರೆದಿಟ್ಟರೆ ಸಾಕು.

ದರ ತಿಳಿಸುವಾಗ ಅದರಲ್ಲಿ ಅಡಗಿರುವ ಕೆಲಸಗಳನ್ನೂ ಬರೆಯುವುದು ಲೇಸು. ಕೊಳ್ಳುವವನ ಬಳಿ ಅಷ್ಟು ಹಣವಿಲ್ಲದಿದ್ದರೆ ಪುಟಗಳನ್ನು ಕಡಿಮೆ ಮಾಡಬಹುದು. ಔಷಧದ ಸೂಚನೆಯಂತಹ ಬರಹದಲ್ಲಿ ಹೋಲಿಸಿ ನೋಡುವುದನ್ನು ಮಾತ್ರ ಕೈಬಿಡಲಾಗದು. ಒಳಗಿರುವುದನ್ನು ಹೀಗೆ ತೆರೆದು ತೋರಿಸಬಲ್ಲ ದರವು ಎಷ್ಟೇ ಇದ್ದರೂ ನ್ಯಾಯವಾದದ್ದೇ. ತೋರಿಸಲಾಗದ ದರ ಒಂದೇ ರೂಪಾಯಿಯಾದರೂ ಹೆಚ್ಚೇ.